ವೇದಿಕೆಯ ಅಂಚಿಗೆ ಮತ್ತು ಪ್ರವೇಶದ ಕಮಾನಿಗೆ ಎಷ್ಟು ಉದ್ದದ ಹೂಸರ ಬೇಕು?

ಪ್ರಶ್ನೆ: "ಜನವರಿಯಲ್ಲಿ ನಮ್ಮ ಊರ ಶಾಲೆಯ ವಾರ್ಷಿಕೋತ್ಸವ. ವೇದಿಕೆ 24 ಅಡಿ ಅಗಲ, 16 ಅಡಿ ಆಳ, 3 ಅಡಿ ಎತ್ತರ ಇದೆ. ಬಲಬದಿಯ ಹಿಂದಿನ ತುದಿಯಲ್ಲಿ 4 ಅಡಿ ಅಗಲದ ಮೆಟ್ಟಿಲು. ಪ್ರವೇಶಕ್ಕೆ 10 ಅಡಿ ಅಂತರದಲ್ಲಿ 8 ಅಡಿಯ ಎರಡು ಅಡಿಕೆ ಕಂಬ ನಿಲ್ಲಿಸಿ, ಮೇಲೆ ದಬ್ಬೆ ಬಗ್ಗಿಸಿ 3 ಅಡಿ ಏರುವ ಕಮಾನು ಮಾಡುತ್ತೇವೆ. ಸುತ್ತಳತೆ ಒಟ್ಟು 106 ಅಡಿ ಬಂತು. ಒಬ್ಬ ಹೂವಿನವರು ಅದರ ಎರಡರಷ್ಟು ಗೊಂಡೆ ಸರ ಸಾಕು ಅನ್ನುತ್ತಾರೆ, ಇನ್ನೊಬ್ಬರು ನಾಲ್ಕರಷ್ಟು ಬೇಕು ಅನ್ನುತ್ತಾರೆ. ತುಂಬಿದ ಹಾಗೆ ಕಾಣಬೇಕು, ಆದರೆ ಹಣ ಊರವರದ್ದು. ಯಾರ ಮಾತು ಕೇಳಬೇಕು?"
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ:

ಮಾನ್ಯರೇ, ಇಬ್ಬರೂ ನಿಮಗೆ ಸುಳ್ಳು ಹೇಳಿಲ್ಲ. ಎರಡರಷ್ಟು ಎಂದವರ ಮನಸ್ಸಿನಲ್ಲಿ ಒಂದು ಅಲಂಕಾರವಿದೆ, ನಾಲ್ಕರಷ್ಟು ಎಂದವರ ಮನಸ್ಸಿನಲ್ಲಿ ಬೇರೆಯೇ ಅಲಂಕಾರವಿದೆ. ಯಾವ ಅಲಂಕಾರ ಎಂಬುದನ್ನು ಮಾತ್ರ ಇಬ್ಬರೂ ನಿಮಗೆ ಹೇಳಿಲ್ಲ. ಮಂಟಪದ ಹೂವಿನ ಕೆಲಸದಲ್ಲಿ ಇಷ್ಟು ವರ್ಷ ಕಂಡಂತೆ, ಹೂ ಸಾಲದೆ ಬರುವುದಾಗಲಿ ಬುಟ್ಟಿಗಟ್ಟಲೆ ಉಳಿಯುವುದಾಗಲಿ ಹೆಚ್ಚಾಗಿ ಆಗುವುದು "ಇಷ್ಟು ಪಟ್ಟು" ಎಂಬ ಈ ಒಂದೇ ಮಾತಿನಿಂದ. ಆದ್ದರಿಂದ ಪಟ್ಟಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟು ನಿಮ್ಮ ವೇದಿಕೆಯನ್ನೇ ಅಳೆಯುತ್ತಾ ಹೋಗೋಣ.

ಮೊದಲು ಆ 106 ಅಡಿಯನ್ನು ನೋಡೋಣ. ವೇದಿಕೆಯ ನಾಲ್ಕೂ ಬದಿ ಕೂಡಿಸಿ 80 ಅಡಿ, ದ್ವಾರಕ್ಕೆ 10 ಮತ್ತು ಎರಡು 8 ಸೇರಿ 26 ಅಡಿ ಎಂದು ನೀವು ಲೆಕ್ಕ ಹಾಕಿರಬೇಕು. ವೇದಿಕೆಯ ಹಿಂಬದಿಯಲ್ಲಿ ಪರದೆ ಇರುತ್ತದೆ, ಅಲ್ಲಿ ಕಟ್ಟಿದ ಹೂ ಯಾರಿಗೂ ಕಾಣುವುದಿಲ್ಲ. ಮೆಟ್ಟಿಲಿನ ಬಾಯಿಗೆ ಅಡ್ಡವಾಗಿ ಹೂ ಕಟ್ಟಿದರೆ ಮೊದಲು ಹತ್ತಿದವರ ಕಾಲಿಗೆ ಸಿಕ್ಕಿ ಹರಿಯುತ್ತದೆ. ಆದ್ದರಿಂದ ಹೂ ಬೇಕಾದ ಅಂಚು ಮುಂಭಾಗದ 24 ಅಡಿ, ಎಡಬದಿಯ 16 ಅಡಿ, ಬಲಬದಿಯಲ್ಲಿ ಮೆಟ್ಟಿಲು ಬಿಟ್ಟು ಉಳಿದ 12 ಅಡಿ ಮಾತ್ರ. ಒಟ್ಟು 52 ಅಡಿ. ದ್ವಾರದಲ್ಲಿ ಇದಕ್ಕೆ ವಿರುದ್ಧವಾದ ತಪ್ಪಾಗಿದೆ. ಕಂಬಗಳ ನಡುವಿನ ನೇರ ಅಂತರ 10 ಅಡಿಯಾದರೂ ಬಗ್ಗಿದ ದಬ್ಬೆಯ ಉದ್ದ 10 ಅಡಿಯಲ್ಲ. ಆ ಉದ್ದವನ್ನು ಕಂಡುಕೊಳ್ಳುವ ಲೆಕ್ಕ ವೇದಿಕೆಯ ಜೋಲಿಗೂ ಬೇಕಾಗಿರುವುದರಿಂದ ಅದನ್ನು ಅಲ್ಲಿಯೇ ಹೇಳುತ್ತೇನೆ.

"ತುಂಬಿದ ಹಾಗೆ ಕಾಣಬೇಕು" ಎಂದು ಜನ ಹೇಳುವಾಗ ಅದರೊಳಗೆ ಮೂರು ಬೇರೆ ಬೇರೆ ವಿಷಯಗಳು ಸೇರಿಕೊಂಡಿರುತ್ತವೆ. ಸರ ಎಷ್ಟು ಜೋಲು ಬೀಳಬೇಕು ಎಂಬುದು ಒಂದು. ಒಂದೇ ಜಾಗದಲ್ಲಿ ಎಷ್ಟು ಸಾಲು ಇರಬೇಕು ಎಂಬುದು ಎರಡನೆಯದು. ಸರದಲ್ಲಿ ಹೂಗಳನ್ನು ಎಷ್ಟು ಒತ್ತಾಗಿ ಪೋಣಿಸಬೇಕು ಎಂಬುದು ಮೂರನೆಯದು. ಜೋಲು ಉದ್ದವನ್ನು ಸ್ವಲ್ಪವೇ ಹೆಚ್ಚಿಸುತ್ತದೆ, ಸಾಲು ಉದ್ದವನ್ನು ಇಮ್ಮಡಿ ಮುಮ್ಮಡಿ ಮಾಡುತ್ತದೆ, ಒತ್ತು ಉದ್ದವನ್ನು ಮುಟ್ಟುವುದೇ ಇಲ್ಲ, ತೂಕವನ್ನು ಮಾತ್ರ ಬದಲಿಸುತ್ತದೆ. ಈ ಮೂರನ್ನೂ ಬೇರೆ ಬೇರೆಯಾಗಿ ನಿರ್ಧರಿಸಿದರೆ ಲೆಕ್ಕ ತಪ್ಪುವುದಿಲ್ಲ.

ಜೋಲಿನ ಬಗ್ಗೆ ಇರುವಷ್ಟು ತಪ್ಪು ತಿಳುವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಸರ ಇಳಿಬಿದ್ದರೆ ಹೂ ಒಂದೂವರೆ ಪಟ್ಟು ಬೇಕಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. 4 ಅಡಿ ಅಂತರದಲ್ಲಿ ಎರಡು ಮೊಳೆ ಹೊಡೆದು, ನಡುವೆ 1 ಅಡಿ ಇಳಿಯುವಂತೆ ಒಂದು ಸುತಳಿಯನ್ನು ಕಟ್ಟಿ, ನಂತರ ಬಿಚ್ಚಿ ಅಳೆದು ನೋಡಿ. ಅದು 4 ಅಡಿ 7 ಇಂಚಿನಷ್ಟು ಬರುತ್ತದೆ. ಒಂದು ಅಡಿ ಜೋಲಿಗೆ ಹೆಚ್ಚಾದದ್ದು ಏಳೇ ಇಂಚು. ಜೋಲನ್ನು ಒಂದೂವರೆ ಅಡಿಗೆ ಇಳಿಸಿದರೆ ಸುತಳಿ ಸುಮಾರು 5.2 ಅಡಿಯಾಗುತ್ತದೆ. ಅಂತರದ ಅರ್ಧದಷ್ಟು, ಅಂದರೆ 2 ಅಡಿ ಇಳಿಸಿದರೂ ಉದ್ದ 6 ಅಡಿ ಮುಟ್ಟುವುದಿಲ್ಲ. ನಿಮ್ಮ 3 ಅಡಿ ಎತ್ತರದ ವೇದಿಕೆಗೆ ಅಷ್ಟು ಆಳದ ಜೋಲು ಚೆನ್ನಾಗಿಯೂ ಕಾಣುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕುವವರಿಗೆ ಈ ಸೂತ್ರ ಸಾಕು:

```
ಸರದ ಉದ್ದ = ಅಂತರ + (8 × ಜೋಲು × ಜೋಲು) ÷ (3 × ಅಂತರ)
```

ಅಂತರ 4, ಜೋಲು 1 ಎಂದು ಹಾಕಿದರೆ ಇದು 4.67 ಅಡಿ ಕೊಡುತ್ತದೆ, ಸುತಳಿಯ ಅಳತೆಗಿಂತ ಒಂದು ಇಂಚಿನಷ್ಟು ಹೆಚ್ಚು. ಜೋಲು ಆಳವಾದಷ್ಟೂ ಸೂತ್ರ ಇನ್ನೂ ಸ್ವಲ್ಪ ಹೆಚ್ಚು ತೋರಿಸುತ್ತದೆ. ಒಂದೂವರೆ ಅಡಿ ಜೋಲಿಗೆ ಇದು 5.5 ಅಡಿ ಹೇಳುತ್ತದೆ. ಜೋಲು ಅಂತರದ ಕಾಲುಭಾಗದೊಳಗೆ ಇರುವವರೆಗೆ ಸೂತ್ರವನ್ನು ನಂಬಬಹುದು, ಅದಕ್ಕಿಂತ ಆಳವಾದರೆ ಸುತಳಿಯನ್ನೇ ನಂಬಬೇಕು. ನಾನು ಕೆಳಗೆ ಸುತಳಿಯ ಅಳತೆಗಳನ್ನೇ, ಅಂದರೆ 4.6 ಮತ್ತು 5.2 ಅಡಿಗಳನ್ನು ಬಳಸಿದ್ದೇನೆ.

ಅಂತರವನ್ನು 4 ಅಡಿ ಎಂದು ಆರಿಸಿದ್ದಕ್ಕೆ ಕಾರಣವಿದೆ. 24, 16 ಮತ್ತು 12 ಮೂರೂ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ, ಆದ್ದರಿಂದ ಮುಂಭಾಗದಲ್ಲಿ ಆರು, ಎಡಕ್ಕೆ ನಾಲ್ಕು, ಬಲಕ್ಕೆ ಮೂರು, ಒಟ್ಟು ಹದಿಮೂರು ಜೋಲುಗಳು ಸಮನಾಗಿ ಕೂರುತ್ತವೆ, ಎರಡೂ ಮೂಲೆಗಳಲ್ಲಿ ಒಂದೊಂದು ಮೊಳೆ ತಾನಾಗಿಯೇ ಬರುತ್ತದೆ. ಅಳತೆ ಹಾಕದೆ ಒಂದು ತುದಿಯಿಂದ ಕಟ್ಟುತ್ತಾ ಹೋದರೆ ಕೊನೆಯಲ್ಲಿ ಎರಡೂವರೆ ಅಡಿಯ ಒಂದು ತುಂಡು ಜಾಗ ಉಳಿದು, ಅಲ್ಲಿ ಜೋಲು ಮೊಂಡಾಗಿ ಕಾಣುತ್ತದೆ. ಬೇರೆ ಅಳತೆಯ ವೇದಿಕೆಯಾಗಿದ್ದರೆ ಅಂತರವನ್ನು ಮೂರೂವರೆ ಅಡಿಗೋ ನಾಲ್ಕೂವರೆ ಅಡಿಗೋ ಹೊಂದಿಸಿಕೊಂಡು, ಪ್ರತಿ ಬದಿಯಲ್ಲೂ ಪೂರ್ಣ ಜೋಲುಗಳೇ ಬರುವಂತೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು.

ಈಗ ಸಾಲುಗಳು. ವೇದಿಕೆಯ ಹಲಗೆಯ ಅಂಚು ಮುಚ್ಚಲು ಮೇಲೆ ಒಂದು ನೇರ ಸರ, ಅದರ ಕೆಳಗೆ 1 ಅಡಿಯ ಒಂದೇ ಸಾಲು ಜೋಲು, ಇಷ್ಟೇ ಆದರೆ ನೇರ ಸರಕ್ಕೆ 52 ಅಡಿ, ಹದಿಮೂರು ಜೋಲಿಗೆ ತಲಾ 4.6ರಂತೆ ಸುಮಾರು 60 ಅಡಿ, ಒಟ್ಟು 112 ಅಡಿ. ಇದು ಅಂಚಿನ ಎರಡು ಪಟ್ಟಿಗಿಂತ ತುಸು ಹೆಚ್ಚು. ಎರಡರಷ್ಟು ಸಾಕು ಎಂದ ಹೂವಿನವರು ಹೇಳಿದ್ದು ಈ ಅಲಂಕಾರವನ್ನು. ಹತ್ತಿರದಿಂದ ನೋಡಿದರೆ ಅಚ್ಚುಕಟ್ಟಾಗಿರುತ್ತದೆ, ಆದರೆ 3 ಅಡಿ ಎತ್ತರದ ವೇದಿಕೆಯ ಮುಂಬಟ್ಟೆ ಬಹಳ ಮಟ್ಟಿಗೆ ಬರಿದಾಗಿಯೇ ಕಾಣುತ್ತದೆ. ಸಭೆಯ ಹಿಂದಿನ ಸಾಲಿನಿಂದ ಅದು ಒಂದು ಕಿತ್ತಳೆ ಗೆರೆ ಮಾತ್ರ.

ನೀವು ಬಯಸುವ ತುಂಬು ನೋಟಕ್ಕೆ ನಾನು ಹೇಳುವುದು ಎರಡು ಸಾಲು ಜೋಲು. ಒಳಗಿನದು 1 ಅಡಿ, ಹೊರಗಿನದು ಒಂದೂವರೆ ಅಡಿ ಇಳಿಯಬೇಕು. ಎರಡರ ನಡುವೆ ಅರ್ಧ ಅಡಿ ಅಂತರ ಇರುವುದರಿಂದ ಸರಗಳು ಒಂದರ ಮೇಲೊಂದು ಬಿದ್ದು ಒಂದೇ ಸರದಂತೆ ಕಾಣುವುದಿಲ್ಲ. ಪ್ರತಿ ಮೊಳೆಯಲ್ಲಿ ಒಂದು ಮೊಳ ಉದ್ದದ ಇಳಿಸರ ತೂಗುಬಿಟ್ಟರೆ ಕಟ್ಟಿದ ಗಂಟುಗಳೂ ಮುಚ್ಚಿಹೋಗುತ್ತವೆ. ಹದಿಮೂರು ಜೋಲಿಗೆ ಮೊಳೆಗಳು ಹದಿನಾಲ್ಕು. ಲೆಕ್ಕ ಹೀಗಾಗುತ್ತದೆ: ಮೇಲಿನ ನೇರ ಸರ 52 ಅಡಿ, ಒಳ ಜೋಲು ಸುಮಾರು 60 ಅಡಿ, ಹೊರ ಜೋಲು ತಲಾ 5.2ರಂತೆ 67.6 ಅಡಿ, ಇಳಿಸರಗಳು ಒಂದೂವರೆ ಅಡಿಯಂತೆ 21 ಅಡಿ. ಒಟ್ಟು ಸುಮಾರು 200 ಅಡಿ. ಅಂಚಿನ 52 ಅಡಿಗೆ ಹೋಲಿಸಿದರೆ ಇದು ನಾಲ್ಕು ಪಟ್ಟಿಗೆ ಸಮೀಪ. ಹಾಗಾಗಿ ನಾಲ್ಕರಷ್ಟು ಎಂದವರ ಅನುಭವವೂ ಸರಿಯೇ. ಅವರು ಗುಣಿಸಿದ ಅಳತೆ ಮಾತ್ರ ಸರಿಯಿಲ್ಲ.

ಹಣ ಉಳಿಸುವ ಜಾಗ ಎಲ್ಲಿದೆ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ವೇದಿಕೆಯ ಎರಡು ಪಕ್ಕಗಳನ್ನು ನೋಡುವವರು ಕಡಿಮೆ. ಆ ಏಳು ಜೋಲುಗಳಲ್ಲಿ ಹೊರಸಾಲನ್ನು ಬಿಟ್ಟರೆ ಸುಮಾರು 36 ಅಡಿ ಹೂ ಉಳಿಯುತ್ತದೆ, ಮುಂಭಾಗಕ್ಕೆ ಏನೂ ಕುಂದಾಗುವುದಿಲ್ಲ. ಆದರೆ ನಿಮ್ಮ ಮೈದಾನದಲ್ಲಿ ಜನ ಮೂರೂ ಬದಿಗೆ ಕೂರುವುದಾದರೆ ಈ ಉಳಿತಾಯ ಬೇಡ. ಮೂಲೆಯ ಹತ್ತಿರ ಕುಳಿತವರಿಗೆ ತುಂಬಿದ ಮುಂಭಾಗ ಮತ್ತು ಬಡವಾದ ಪಕ್ಕ ಎರಡೂ ಒಟ್ಟಿಗೇ ಕಾಣುತ್ತವೆ, ಅದು ಒಂದೇ ಸಾಲಿನ ಸರಳ ಅಲಂಕಾರಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಇನ್ನು ಕಮಾನು. ಮೇಲೆ ಕೊಟ್ಟ ಸೂತ್ರ ಇಲ್ಲಿಯೂ ನಡೆಯುತ್ತದೆ, ಏಕೆಂದರೆ ಜೋಲನ್ನು ತಲೆಕೆಳಗು ಮಾಡಿದರೆ ಆಗುವುದೇ ಕಮಾನು. ಏರು ಅಂತರದ ಕಾಲುಭಾಗಕ್ಕಿಂತ ತುಸು ಹೆಚ್ಚಿರುವುದರಿಂದ ಸೂತ್ರ ಕೆಲವು ಇಂಚು ಹೆಚ್ಚು ತೋರಿಸುತ್ತದೆ, ಅಷ್ಟು ಹೆಚ್ಚಿದ್ದರೆ ತೊಂದರೆಯಿಲ್ಲ. ಅಂತರ 10 ಅಡಿ, ಜೋಲಿನ ಜಾಗದಲ್ಲಿ ಏರು 3 ಅಡಿ ಎಂದು ಹಾಕಿದರೆ ದಬ್ಬೆಯ ಉದ್ದ 12.4 ಅಡಿ ಬರುತ್ತದೆ. ಎರಡು ಕಂಬಗಳ 16 ಅಡಿ ಸೇರಿಸಿದರೆ ಸುಮಾರು 28.4 ಅಡಿ. ನೀವು ಹಾಕಿದ 26ಕ್ಕಿಂತ ಇದು ಎರಡೂವರೆ ಅಡಿಯಷ್ಟೇ ಹೆಚ್ಚು ಎನಿಸಬಹುದು. ಸರವನ್ನು ಕಂಬಕ್ಕೆ ಸುತ್ತಲು ಹೊರಟಾಗ ಆ ಎರಡೂವರೆ ಅಡಿ ಎಂಟು ಅಡಿ ಹೂ ಆಗುತ್ತದೆ, ಆ ಕೊರತೆ ಬಂದು ನಿಲ್ಲುವುದು ಕಮಾನಿನ ನೆತ್ತಿಯಲ್ಲಿ, ಎಲ್ಲರ ಕಣ್ಣು ಬೀಳುವ ಜಾಗದಲ್ಲಿ.

ಕಂಬಕ್ಕೆ ಸರ ಸುತ್ತುವ ಲೆಕ್ಕದಲ್ಲಿ ಅನುಭವಸ್ಥರೂ ಎಡವುತ್ತಾರೆ. ಸಾಮಾನ್ಯವಾಗಿ ಕಂಬದ ಸುತ್ತಳತೆಯನ್ನು ಅಳೆದು, ಎಷ್ಟು ಸುತ್ತು ಬರುತ್ತದೆಯೋ ಅಷ್ಟರಿಂದ ಗುಣಿಸುತ್ತಾರೆ. ನಿಮ್ಮ ಕಂಬ ಬಟ್ಟೆ ಸುತ್ತಿದ ಮೇಲೆ 4 ಇಂಚು ದಪ್ಪ ಇರುತ್ತದೆ ಎಂದುಕೊಳ್ಳೋಣ. ಅದರ ಸುತ್ತಳತೆ ಹನ್ನೆರಡೂವರೆ ಇಂಚು. ಆದರೆ ಹೂಸರಕ್ಕೂ 2 ಇಂಚು ದಪ್ಪವಿದೆ. ಸರದ ದಾರ ಹೂವಿನ ನಡುಮಧ್ಯದಲ್ಲಿ ಓಡುವುದರಿಂದ ಅದು ಕಂಬದ ಮೈಯಿಂದ ಒಂದು ಇಂಚು ಹೊರಗೆ ಸುತ್ತುತ್ತದೆ. ಅಂದರೆ ದಾರ ಸುತ್ತುವುದು 4 ಇಂಚಿನ ಕಂಬವನ್ನಲ್ಲ, 6 ಇಂಚಿನ ಕಂಬವನ್ನು; ಒಂದು ಸುತ್ತಿಗೆ ಬೇಕಾಗುವುದು ಸುಮಾರು 19 ಇಂಚು. ಸುತ್ತಿನಿಂದ ಸುತ್ತಿಗೆ 6 ಇಂಚು ಮೇಲೇರುವಂತೆ ಓರೆಯಾಗಿ ಸುತ್ತಿದರೆ ಒಂದು ಸುತ್ತು 20 ಇಂಚಿಗೆ ತುಸು ಕಡಿಮೆ ಬರುತ್ತದೆ. 6 ಇಂಚು ಕಂಬಕ್ಕೆ 20 ಇಂಚು ಸರ ಎಂದರೆ 3.3 ಪಟ್ಟು, ನಿಮ್ಮ 28.4 ಅಡಿಗೆ 94 ಅಡಿ. ಬರಿಯ ಕಂಬದ ಸುತ್ತಳತೆಯಿಂದ ಲೆಕ್ಕ ಹಾಕಿದವರಿಗೆ, ಓರೆಯನ್ನು ಸೇರಿಸಿಕೊಂಡರೂ, ಇದೇ ಕೆಲಸಕ್ಕೆ 66 ಅಡಿ ಬರುತ್ತದೆ. ಕೊರತೆ 28 ಅಡಿ, ಒಂದು ಇಡೀ ಕಂಬದ ಹೂವಿಗಿಂತ ಹೆಚ್ಚು.

ಇದನ್ನು ಕಣ್ಣಾರೆ ನೋಡಬೇಕಾದರೆ ಒಂದು ಮಾರು ಸರ ತರಿಸಿ ಕಂಬಕ್ಕೆ ಸುತ್ತಿ ನೋಡಿ. 6 ಅಡಿ ಸರ ಕಂಬದ ಎರಡು ಅಡಿಯನ್ನೂ ಪೂರ್ತಿ ತಲುಪುವುದಿಲ್ಲ.

ಸುತ್ತುಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದೇ ಕಮಾನಿನ ತುಂಬುತನವನ್ನು ನಿರ್ಧರಿಸುತ್ತದೆ. 6 ಇಂಚಿಗೆ ಒಂದು ಸುತ್ತಾದರೆ ಎರಡು ಸುತ್ತಿನ ನಡುವೆ 4 ಇಂಚು ಕಂಬ ಕಾಣುತ್ತದೆ. ಅಲ್ಲಿ ಹಸಿರು ಇರಲೇಬೇಕು. ನಮ್ಮ ಕಡೆ ಮಾವಿನ ಸೊಪ್ಪಿಗೂ ಎಳೆ ತೆಂಗಿನ ಗರಿಗೂ ಕೊರತೆ ಇಲ್ಲ, ಮೊದಲು ಅದನ್ನು ಕಂಬಕ್ಕೆ ಒತ್ತಾಗಿ ಕಟ್ಟಿ ಮೇಲೆ ಸರ ಸುತ್ತಿದರೆ ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ. ಆದರೆ ಸೊಪ್ಪು ಕಟ್ಟಿದ ಮೇಲೆ ಕಂಬದ ದಪ್ಪ ಹೆಚ್ಚಿರುತ್ತದೆ ಎಂಬುದನ್ನು ಮರೆಯಬೇಡಿ, ಸೊಪ್ಪು ಕಟ್ಟಿದ ನಂತರವೇ ದಪ್ಪ ಅಳೆದು ಲೆಕ್ಕ ಮಾಡಿ. 4 ಇಂಚಿಗೆ ಒಂದು ಸುತ್ತು ಬೇಕೆಂದರೆ 4.8 ಪಟ್ಟು, ಅಂದರೆ 137 ಅಡಿ ಸರ ಬೇಕು. 8 ಇಂಚಿಗೆ ಒಂದಾದರೆ 73 ಅಡಿಯಲ್ಲಿ ಮುಗಿಯುತ್ತದೆ.

ಕಂಬವೇ ಕಾಣದಂತೆ ಹೂವಿನಿಂದ ಮುಚ್ಚಿದ ಕಮಾನಿನ ಫೋಟೋ ತೋರಿಸಿ "ಹೀಗೇ ಬೇಕು" ಎಂದು ಕೇಳುವವರಿದ್ದಾರೆ. ಸುತ್ತಿಗೆ ಸುತ್ತು ತಾಗುವಂತೆ ಸುತ್ತಿದರೆ 4 ಇಂಚಿನ ಕಂಬಕ್ಕೆ ಬೇಕಾಗುವುದು ಒಂಬತ್ತೂವರೆ ಪಟ್ಟು, ನಿಮ್ಮ ಕಮಾನೊಂದಕ್ಕೇ ಸುಮಾರು 270 ಅಡಿ. ಸುತ್ತುವ ಬದಲು ಸರಗಳನ್ನು ಕಂಬದ ಉದ್ದಕ್ಕೂ ಪಕ್ಕಪಕ್ಕದಲ್ಲಿ ಇಳಿಬಿಟ್ಟರೆ ಉಳಿತಾಯವಾಗುತ್ತದೆ ಎಂದು ಕೆಲವರು ಹೇಳುವುದು ನಿಜವಲ್ಲ. ಮುಚ್ಚಬೇಕಾದ ಮೈ ಅಷ್ಟೇ, ಸರದ ದಪ್ಪ ಅಷ್ಟೇ. ಹಾಗಾಗಿ ಅಡ್ಡ ಸುತ್ತಿದರೂ ಉದ್ದ ಇಳಿಬಿಟ್ಟರೂ ಬೇಕಾಗುವ ಉದ್ದ ಒಂದೇ. ಉದ್ದ ಇಳಿಬಿಡುವುದರಲ್ಲಿ ಇರುವ ನಿಜವಾದ ಅನುಕೂಲ ಬೇರೆ: ಹಿಂಭಾಗವನ್ನು ಬಿಟ್ಟು ಕಾಣುವ ಮುಂಭಾಗವನ್ನು ಮಾತ್ರ ಮುಚ್ಚಬಹುದು. ಮುಂದಿನ ಅರ್ಧಕ್ಕೆ ಐದು ಸರ ಸಾಕು, ಅಂದರೆ 142 ಅಡಿ. ಆದರೆ ಕಾರ್ಯಕ್ರಮ ಮುಗಿದು ಹೊರಡುವ ಜನ ಆ ದ್ವಾರದ ಬೆನ್ನನ್ನೇ ನೋಡುತ್ತಾ ಬರುತ್ತಾರೆ, ಆದ್ದರಿಂದ ಹಿಂಬದಿಯಲ್ಲಿ ಒಳ್ಳೆಯ ಸೊಪ್ಪಾದರೂ ಇರಬೇಕು.

ಉದ್ದ ಇಳಿಬಿಡುವುದರಲ್ಲಿ ಒಂದು ಅಪಾಯವೂ ಇದೆ. ನೇರ ನಿಂತ ಸರದಲ್ಲಿ ಗೊಂಡೆ ಹೂಗಳು ತಮ್ಮ ಭಾರಕ್ಕೆ ದಾರದ ಮೇಲೆ ಕೆಳಕ್ಕೆ ಜಾರುತ್ತವೆ. ಬೆಳಿಗ್ಗೆ ತುಂಬಿದಂತಿದ್ದ ಕಂಬದ ತಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬರಿದಾರ ಕಾಣುತ್ತದೆ, ಬುಡದಲ್ಲಿ ಹೂಗಳು ಒತ್ತಿ ಕುಳಿತಿರುತ್ತವೆ. ಪ್ರತಿ ಮೊಳಕ್ಕೊಂದು ಗಂಟು ಹಾಕಿ ಪೋಣಿಸಿದ ಸರವಾದರೆ ಜಾರುವುದು ಆ ಮೊಳದೊಳಗೇ ನಿಲ್ಲುತ್ತದೆ. ಓರೆಯಾಗಿ ಸುತ್ತಿದ ಸರ ಕಂಬದ ಮೈಗೆ ಒತ್ತಿಕೊಂಡಿರುವುದರಿಂದ ಈ ತೊಂದರೆ ಬಹಳ ಕಡಿಮೆ. ನಿಮ್ಮಂತಹ ಊರ ಕಾರ್ಯಕ್ರಮಕ್ಕೆ ಸೊಪ್ಪಿನ ಮೇಲೆ 6 ಇಂಚಿನ ಸುತ್ತನ್ನೇ ನಾನು ಹೇಳುವುದು ಇದಕ್ಕಾಗಿ. ಕಟ್ಟುವವರು ಹೊಸಬರಾದರೂ ಅದು ಕೆಡುವುದಿಲ್ಲ.

ಹಾಗಾದರೆ ವೇದಿಕೆಗೆ 200, ಕಮಾನಿಗೆ 94, ಕೂಡಿ 294 ಅಡಿ. 106ರ ಎರಡರಷ್ಟನ್ನು, ಅಂದರೆ 212 ಅಡಿಯನ್ನು ತಂದು ಈ ಅಲಂಕಾರಕ್ಕೆ ಕೈಹಾಕಿದ್ದರೆ ವೇದಿಕೆ ಮುಗಿಯುವಾಗ ಕಮಾನಿಗೆ ಹನ್ನೆರಡು ಅಡಿ ಉಳಿದಿರುತ್ತಿತ್ತು. ನಾಲ್ಕರಷ್ಟು, 424 ಅಡಿ ತಂದಿದ್ದರೆ 130 ಅಡಿ ಮಿಗುತ್ತಿತ್ತು. ತುಂಡಾಗುವುದಕ್ಕೆ, ಸಾಗಿಸುವಾಗ ಜಜ್ಜುವುದಕ್ಕೆ, ಮೂಲೆಗಳಲ್ಲಿ ತಿರುವು ತೆಗೆದುಕೊಳ್ಳುವುದಕ್ಕೆ ಹತ್ತಕ್ಕೆ ಒಂದು ಪಾಲು ಸೇರಿಸಿದರೆ 323 ಅಡಿ. ಮಾರಿಗೆ 6 ಅಡಿಯಂತೆ 54 ಮಾರು. ಆ ಹೆಚ್ಚಿನ ಪಾಲನ್ನು ಸರವಾಗಿ ತರಿಸುವುದಕ್ಕಿಂತ ಬಿಡಿ ಹೂವಾಗಿ ತರಿಸಿ, ಸೂಜಿ ದಾರದ ಜೊತೆ ಸ್ಥಳದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸರ ಒಂದೇ ಕಡೆಗೆ ಒದಗುತ್ತದೆ. ಬಿಡಿ ಹೂ ಹರಿದ ಜೋಲಿಗೂ ಕಂಬದ ತಲೆಗೂ ಒದಗುತ್ತದೆ, ಏನೂ ಬೇಡವಾದರೆ ಅತಿಥಿಗಳ ಮೇಜಿನ ಮೇಲಿನ ಬಟ್ಟಲಿಗಾದರೂ ಆಗುತ್ತದೆ.

ಮೊಳ ಮಾರುಗಳಲ್ಲಿ ಮಾತಾಡುವಾಗ ಸ್ವಲ್ಪ ಎಚ್ಚರ ಬೇಕು. 323 ಅಡಿಗೆ, ಮೊಳಕ್ಕೆ 18 ಇಂಚು ಹಿಡಿದರೆ, ಸುಮಾರು 216 ಮೊಳ. ಹೂ ಅಳೆಯುವವರ ತೋಳು ಗಿಡ್ಡವಿದ್ದು ಮೊಳ 16 ಇಂಚಾದರೆ ಅದೇ 216 ಮೊಳ 288 ಅಡಿಗೆ ಇಳಿಯುತ್ತದೆ. ನೀವು ಮುನ್ನೆಚ್ಚರಿಕೆಗೆ ಸೇರಿಸಿದ ಪಾಲು ಪೂರ್ತಿ ಹೋಗಿ ಮೇಲೆ ಆರು ಅಡಿ ಕಡಿಮೆ ಬೀಳುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ಅವರ ಕೈಯ ಮೊಳ ಅಷ್ಟೇ. ಹಾಗಾಗಿ ಬೇಡಿಕೆಯನ್ನು ಅಡಿಗಳಲ್ಲಿ ಬರೆದುಕೊಡಿ, ಜೊತೆಗೆ ಒಂದು ಮಾರಿಗೆ ಸರಿಯಾಗಿ 6 ಅಡಿ ಕತ್ತರಿಸಿದ ಸುತಳಿಯನ್ನೂ ಕೊಟ್ಟರೆ ಯಾರಿಗೂ ಬೇಸರವಾಗುವುದಿಲ್ಲ.

ಇನ್ನು ಉಳಿದದ್ದು ಒತ್ತು. 2 ಇಂಚಿನ ಗೊಂಡೆಯನ್ನು ಹೂ ಹೂವಿಗೆ ಒರಗುವಂತೆ ಪೋಣಿಸಿದರೆ ಒಂದು ಅಡಿಗೆ ಒಂಬತ್ತರ ಆಸುಪಾಸು ಹೂ ಹಿಡಿಯುತ್ತದೆ. ಏಳಕ್ಕೆ ಇಳಿಸಿದರೂ ಸರದ ಉದ್ದ ಅಷ್ಟೇ ಇರುತ್ತದೆ, ಹಾಗಾಗಿ ಅಳತೆಪಟ್ಟಿ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೋಲು ಕಟ್ಟಿ ಬೆಳಕು ಬಿದ್ದಾಗ ಹೂವಿನ ನಡುವೆ ದಾರ ಮಿಂಚುತ್ತದೆ. ಇದನ್ನು ಹಿಡಿಯುವ ದಾರಿ ತಕ್ಕಡಿ. ನಿಮಗೆ ಬರುವ ಹೂವಿನಲ್ಲಿ ಒಂದು ಕಿಲೋ ತೂಗಿ ಎಣಿಸಿ. 150 ಹೂ ಬಂತು ಎಂದುಕೊಳ್ಳೋಣ. ಅಡಿಗೆ ಒಂಬತ್ತರಂತೆ ಒಂದು ಮಾರಿನಲ್ಲಿ 54 ಹೂ, ಅದರ ತೂಕ 360 ಗ್ರಾಂ. ಕಟ್ಟಿದ ಒಂದು ಮಾರು 280 ಗ್ರಾಂ ತೂಗಿದರೆ ಅದರಲ್ಲಿ ಅಡಿಗೆ ಏಳೇ ಹೂ ಇದೆ ಎಂದರ್ಥ. ತೂಗುವ ಮೊದಲು ಸರವನ್ನು ಕೊಡವಿ, ನೀರು ಚಿಮುಕಿಸಿದ ಹೂ ಸುಳ್ಳು ತೂಕ ಕೊಡುತ್ತದೆ. ಇದೇ ಲೆಕ್ಕದಲ್ಲಿ 323 ಅಡಿಗೆ ಸುಮಾರು 2,900 ಹೂ, ಹತ್ತೊಂಬತ್ತೂವರೆ ಕಿಲೋಗೆ ಸಮೀಪ. ಮೂಟೆಯ ತಳದಲ್ಲಿ ಜಜ್ಜಿದವು, ಎಸಳು ಸಡಿಲವಾದವು ಹೋಗುವುದರಿಂದ 22 ಕಿಲೋ ಕೊಂಡರೆ ಸರಿಯಾಗುತ್ತದೆ. ಹೂ ಚಿಕ್ಕದಿದ್ದರೆ ಅಡಿಗೆ ಹಿಡಿಯುವ ಸಂಖ್ಯೆಯೂ ಕಿಲೋಗೆ ಬರುವ ಸಂಖ್ಯೆಯೂ ಎರಡೂ ಹೆಚ್ಚುತ್ತವೆ, ಜೊತೆಗೆ ಸರ ತೆಳ್ಳಗಾಗಿ ಕಂಬದ ಸುತ್ತಿನ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಎಣಿಕೆಯನ್ನು ನಿಮಗೆ ಬರುವ ಹೂವಿನಲ್ಲೇ ಮಾಡಬೇಕು.

ಸೇವಂತಿಗೆಗೂ ಇದೇ ಕ್ರಮ. ಅಬ್ಬಲಿಗೆ, ಮಲ್ಲಿಗೆಯ ದಂಡೆಗಳು ತೆಳುವಾಗಿರುವುದರಿಂದ ವೇದಿಕೆಯ ಅಂಚಿಗೆ ದೂರದಿಂದ ಕಾಣುವುದಿಲ್ಲ. ಅವು ದೀಪದ ಕಂಬಕ್ಕೂ ದೇವರ ಪಟಕ್ಕೂ ಇರಲಿ.

ದಾರದ ವಿಷಯ. ಗೊಂಡೆಯ ಜೋಲಿಗೆ ಎರಡೆಳೆ ಮಾಡಿದ ಗಟ್ಟಿ ಹತ್ತಿಯ ದಾರ ಬೇಕು. ನೆನೆಸಿದ ಬಾಳೆನಾರು ಇಳಿಸರಗಳಿಗೂ ದಂಡೆಗಳಿಗೂ ಚೆಂದ, ಆದರೆ ಒಣಗಿದ ಮೇಲೆ ಬಾಗುವ ಜಾಗದಲ್ಲಿ ಮುರಿಯುತ್ತದೆ, ಕಂಬಕ್ಕೆ ಸುತ್ತುವ ಸರಕ್ಕೆ ಅದು ಬೇಡ. ಪ್ರತಿ ತುಂಡಿನ ಎರಡೂ ತುದಿಯಲ್ಲಿ ಒಂದು ಗೇಣು ಬರಿದಾರ ಬಿಡಿಸಿ. ಹೂ ತುದಿಯವರೆಗೂ ತುಂಬಿದ್ದರೆ ಮೊಳೆಗೆ ಕಟ್ಟಲು ಹೂ ಕೀಳಬೇಕಾಗುತ್ತದೆ, ಹದಿಮೂರು ಜೋಲಿನ ಎರಡು ಸಾಲಿನಲ್ಲಿ ಹಾಗೆ ಕಿತ್ತದ್ದೇ ಒಂದು ಮಾರಿನಷ್ಟಾಗುತ್ತದೆ. ಜೋಲುಗಳನ್ನು ಒಂದೇ ಉದ್ದನೆಯ ಸರವಾಗಿ ತರಿಸದೆ 4.6 ಅಡಿಯ ಹದಿಮೂರು, 5.2 ಅಡಿಯ ಹದಿಮೂರು ತುಂಡುಗಳಾಗಿ ತರಿಸಿದರೆ ಎಲ್ಲವೂ ಒಂದೇ ಆಳಕ್ಕೆ ಇಳಿಯುತ್ತವೆ. ಮಕ್ಕಳು ಒಂದನ್ನು ಎಳೆದು ಹರಿದರೂ ಉಳಿದ ಹನ್ನೆರಡು ನಿಂತಿರುತ್ತವೆ. ಮೇಲಿನ ನೇರ ಸರಕ್ಕೆ ಅಡಿಗೊಂದು ಸಣ್ಣ ಮೊಳೆ ಬೇಕು. ಸರವನ್ನು ಬಿಗಿಯಾಗಿ ಎಳೆದಷ್ಟೂ ದಾರದ ಮೇಲೆ ಎಳೆತ ಹೆಚ್ಚುತ್ತದೆ, ಎರಡೇ ಮೊಳೆಗೆ 24 ಅಡಿ ನೇರ ಎಳೆದ ಸರ ಕಾರ್ಯಕ್ರಮದ ನಡುವೆಯೇ ಕಡಿದು ಬೀಳುವುದು ಅದಕ್ಕಾಗಿ.

ಯಾವಾಗ ಕಟ್ಟಬೇಕು ಎಂಬುದು ಉದ್ದದ ಲೆಕ್ಕಕ್ಕೂ ಸೇರಿದ ವಿಷಯ. ಹಿಂದಿನ ಸಂಜೆ ಪೋಣಿಸಿದ ಹೂ ಬೆಳಗಾಗುವಷ್ಟರಲ್ಲಿ ಸ್ವಲ್ಪ ಬಾಡಿ ಕುಗ್ಗುತ್ತದೆ, ಕುಗ್ಗಿದಷ್ಟು ಸಂದು ಬೀಳುತ್ತದೆ. ಜನವರಿಯಲ್ಲಿ ಶಿರಸಿಯ ರಾತ್ರಿಗಳು ತಂಪಾಗಿರುವುದರಿಂದ ನಿಮಗೆ ಇದು ದೊಡ್ಡ ತೊಂದರೆಯಲ್ಲ. ಸಂಜೆ ಸ್ವಲ್ಪ ಒತ್ತಾಗಿ ಪೋಣಿಸಿ, ಬೆಳಿಗ್ಗೆ ಕಟ್ಟುವಾಗ ಬೆರಳಿನಿಂದ ಹೂಗಳನ್ನು ಸರಿಸಿಕೊಂಡರೆ ಸಾಕು. ಕುಮಟೆ, ಅಂಕೋಲೆ, ಕಾರವಾರದ ಕಡೆಯವರು ಇದೇ ಲೆಕ್ಕ ಹಿಡಿದರೆ ಉದ್ದ ಬದಲಾಗುವುದಿಲ್ಲ, ಆದರೆ ಕರಾವಳಿಯ ಸೆಕೆಯಲ್ಲಿ ಬೆಳಗಿನ ಜಾವವೇ ಪೋಣಿಸುವುದು ಉತ್ತಮ. ರಾತ್ರಿ ಇಡಲೇಬೇಕಾದರೆ ಸರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ. ಒಳಗೆ ಬೆವರಿ ಕಾವು ಏರಿ, ಎಸಳಿನ ಬುಡ ಕಂದುಬಣ್ಣಕ್ಕೆ ತಿರುಗುತ್ತದೆ, ಎತ್ತುವಾಗ ಎಸಳು ಉದುರುತ್ತದೆ. ಒದ್ದೆ ಗೋಣಿಯ ಮೇಲೆ ಬಾಳೆಲೆ ಹಾಸಿ, ಸರಗಳನ್ನು ಒಂದರ ಮೇಲೊಂದು ಪೇರಿಸದೆ ಸುರುಳಿ ಮಾಡಿ ಹರಡಿ, ಮೇಲೆ ಇನ್ನೊಂದು ಬಾಳೆಲೆ ಮುಚ್ಚಿಡಿ. ಪ್ರತಿ ಸುರುಳಿಗೆ "ಒಳ", "ಹೊರ", "ಕಂಬ" ಎಂದು ಚೀಟಿ ಕಟ್ಟಿಟ್ಟರೆ, ಬೆಳಿಗ್ಗೆ ಅವಸರದಲ್ಲಿ ಯಾರೋ 5.2 ಅಡಿಯ ತುಂಡನ್ನು ಒಳಸಾಲಿಗೆ ಕಟ್ಟಿ ಮುಂದಿನ ಜೋಲುಗಳೆಲ್ಲ ಏರುಪೇರಾಗುವುದು ತಪ್ಪುತ್ತದೆ.